ಶನಿವಾರದ ಬೆಂಡಿಕಾಯಿ

ಬೆಳಿಗ್ಗೆ ಐದೂವರೆಗೆ ನನ್ನ ಫೋನು ಟುಂಯ್ ಅಂದರೆ ಎರಡೇ ಕಾರಣ. ಯಾರೋ ಶುಭೋದಯದ ಗುಲಾಬಿ ಕಳಿಸಿರಬೇಕು, ಇಲ್ಲವೇ ಯಲಬುರ್ಗಾ ಕಡೆ ಇರುವ ನಮ್ಮ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ಎದ್ದಿರಬೇಕು. ಗುಲಾಬಿಗೆ ತಿರುಗಿ ಒಂದು ಗುಲಾಬಿ ಕಳಿಸಿದರೆ ಮುಗೀತು. ಅಣ್ಣನಿಗೆ ಹಾಗಾಗೋದಿಲ್ಲ. ನಾನು ಕೊಪ್ಪಳದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದವನು. ಹಾಗಾಗಿ ಬೋರ್‌ವೆಲ್ಲಿನ ಕರೆಂಟ್ ಬಿಲ್ಲಿನಿಂದ ಹಿಡಿದು ಬೀಗರ ಮನೆಯ ಆಹೇರಿ ಲೆಕ್ಕದವರೆಗೆ ಎಲ್ಲಾ ನನ್ನ ತಲೆಗೇ ಅಂತ ಅವನು ತೀರ್ಮಾನ ಮಾಡಿದ್ದಾನೆ.

ಅವತ್ತು ಬಂದದ್ದು ಒಂದು ಫೋಟೋ. ತರಕಾರಿ ಮಾರುಕಟ್ಟೆಯ ದರದ ಹಾಳೆ, ಎರಡು ವಾರದ್ದು. ಅಡ್ಡಕ್ಕೆ ತಾರೀಖುಗಳು, ಉದ್ದಕ್ಕೆ ಬೆಂಡಿ, ಬದನಿ, ಟಮಾಟಿ, ಹಿರೇಕಾಯಿ, ಚವಳಿ. ಫೋಟೋ ಓರೆಯಾಗಿತ್ತು. ಎಡಮೂಲೆಯಲ್ಲಿ ಯಾರದೋ ಹೆಬ್ಬೆರಳು, ಬಲಗಡೆ ಟ್ಯೂಬ್‌ಲೈಟಿನ ಹೊಳಪು. ಕೆಳಗೆ ಅಣ್ಣನ ಸಂದೇಶ: ‘ಮಾಸ್ತರ, ಶನಿವಾರ 45 ರೂಪಾಯಿ ಕೆಜಿ. ಇನ್ನ ಮ್ಯಾಲೆ ಬರೇ ಶನಿವಾರ ಬೆಂಡಿಕಾಯಿ ಮಾರತೀನಿ. ಉಳದ ದಿನ ಆರಾಮ.’

ಆರಾಮ ಎಂಬ ಮಾತು ಓದಿ ನನಗೇ ಆಸೆಯಾಯಿತು. ವಾರಕ್ಕೊಂದು ದಿನ ದುಡಿದು ಆರು ದಿನ ಒಗ್ಗರಣಿ-ಮಿರ್ಚಿ ತಿನ್ನುವ ಒಕ್ಕಲುತನ ಯಾರಿಗೆ ಬೇಡ? ಆದರೂ ಮಾಸ್ತರಿಕೆಯ ಚಟ ಬಿಡಲಿಲ್ಲ, ಕನ್ನಡಕ ಏರಿಸಿದೆ.

ಮೊದಲಿಗೆ ಈ ಹಾಳೆ ಯಾವ ಊರಿನದು ಅಂತಲೇ ತಿಳಿಯಲಿಲ್ಲ, ತಲೆಬರಹ ಕತ್ತರಿಸಿ ಹೋಗಿತ್ತು. ಕೇಳಿದರೆ ಅಣ್ಣ, ‘ಕೊಪ್ಪಳದ್ದ ಇರಬೇಕು, ನನಗ ಕುಷ್ಟಗಿ ಬೀಗರು ಕಳಿಸ್ಯಾರ’ ಅಂದ. ಕುಷ್ಟಗಿ ಬೀಗರನ್ನು ಕೇಳಿದರೆ ಅವರಿಗೆ ಗಂಗಾವತಿಯ ಗೆಳೆಯರು ಕಳಿಸಿದ್ದಂತೆ. ಹೀಗೆ ಒಂದು ಬೆಂಡಿಕಾಯಿ ದರ ಗಂಗಾವತಿಯಿಂದ ಕುಷ್ಟಗಿಗೆ, ಅಲ್ಲಿಂದ ಯಲಬುರ್ಗಾಕ್ಕೆ, ಅಲ್ಲಿಂದ ಕೊಪ್ಪಳಕ್ಕೆ, ಇಡೀ ಜಿಲ್ಲೆ ಪ್ರದಕ್ಷಿಣೆ ಹಾಕಿ ಬಂದಿತ್ತು. ಪ್ರತಿ ಊರಿನಲ್ಲೂ ಸ್ವಲ್ಪ ಮಸುಕಾಗುತ್ತಾ ಬಂದಿತ್ತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಉಳಿಯುತ್ತವೆ. ಇದನ್ನು ಅಣ್ಣನಿಗೆ ಹೇಳಿದೆ. ಅರ್ಧ ಗಂಟೆ ಬಿಟ್ಟು ಡಾಕ್ಯುಮೆಂಟ್ ಬಂತು. ತೆಗೆದು ನೋಡಿದರೆ ಅವನ ಹೊಲದ ಪಹಣಿ.

ಕಡೆಗೆ ಗಂಗಾವತಿಯ ಆ ಗೆಳೆಯರಿಂದಲೇ ಪೂರ್ತಿ ಹಾಳೆ ತರಿಸಿಕೊಂಡೆವು. ಅದು ಕೊಪ್ಪಳದ್ದೇ ಆಗಿತ್ತು. ಅವರು ಕೊಪ್ಪಳಕ್ಕೆ ಬಂದಾಗ ತೆಗೆದದ್ದಂತೆ. ನನ್ನನ್ನು ಗೆದ್ದವನಂತೆ ಅಣ್ಣ ಕೆಮ್ಮಿದ.

(ಇಲ್ಲೊಂದು ಮಾತು. ಮುಂದೆ ಬರುವ ದರ, ಕ್ವಿಂಟಲ್ಲು ಎಲ್ಲಾ ಲೆಕ್ಕ ತಿಳಿಯಲಿ ಅಂತ ನಾನು ಸುತ್ತು ಮಾಡಿ ಹಾಕಿಕೊಂಡ ಅಂಕಿಗಳು. ಈ ವರ್ಷದ ಇಂಥ ಮಾರುಕಟ್ಟೆಯ ದರ ಅಂತ ಹಿಡಿದುಕೊಂಡು ಯಾರೂ ದಲಾಲಿ ಅಂಗಡಿಗೆ ಜಗಳಕ್ಕೆ ಹೋಗಬ್ಯಾಡ್ರಿ.)

ಹಾಳೆಯಲ್ಲಿ ಒಂದೊಂದು ಕಾಯಿಗೆ ನಾಲ್ಕು ಸಾಲು: ಆವಕ, ಕನಿಷ್ಠ, ಗರಿಷ್ಠ, ಮಾದರಿ. ಆವಕ ಅಂದರೆ ಆ ದಿನ ಮಾರುಕಟ್ಟೆಗೆ ಎಷ್ಟು ಕ್ವಿಂಟಲ್ ಬಂತು ಅನ್ನೋದು. ಕನಿಷ್ಠ, ಗರಿಷ್ಠ ಎಲ್ಲರಿಗೂ ಗೊತ್ತು. ಮಾದರಿ ಅನ್ನುವ ಬಡಪಾಯಿ ಸಾಲನ್ನು ಯಾರೂ ಕಣ್ಣೆತ್ತಿ ನೋಡೋದಿಲ್ಲ. ಆದರೆ ಅವತ್ತು ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದೇ ಮಾದರಿ ದರ. ಗರಿಷ್ಠ ಅನ್ನೋದು ಸವಾಲಿನಲ್ಲಿ ಯಾರೋ ಒಬ್ಬನ ಒಂದು ಚೀಲಕ್ಕೆ ಬಿದ್ದ ದರವೂ ಆಗಿರಬಹುದು. ಬೆರಳುದ್ದದ ಎಳೇ ಕಾಯಿ, ಇಬ್ಬನಿ ಆರಿಲ್ಲ, ಕೊಳ್ಳುವವನಿಗೂ ಅವತ್ತು ಅವಸರ, ಬಿತ್ತು 4,500. ಅಣ್ಣ ಓದಿದ್ದು ಆ ಸಾಲು. ಎಸ್ಸೆಸ್ಸೆಲ್ಸಿಗೆ ಬಂದ ಹುಡುಗ ಊರಲ್ಲಿ ರ‍್ಯಾಂಕ್ ಬಂದವನ ಅಂಕ ತೋರಿಸಿ ‘ನಮ್ಮ ಸಾಲಿದ್ದ’ ಅಂದಂಗೆ.

ಅವನ ಮನೆಗೇ ಹೋಗಿ, ‘ಅಣ್ಣಾ, ನಿನ್ನ ಕಾಯಿ ಗರಿಷ್ಠದಾಗ ಎಂದಾರ ಹೋಗೈತೇನು?’ ಅಂತ ಕೇಳಿದೆ.

ಅವನು ಮಾತಾಡಲಿಲ್ಲ. ಒಳಗಿನಿಂದ ವೈನಿ ಹೇಳಿದರು: ‘ಒಂದು ಸಲ ಹೋಗಿತ್ತ್ರಿ ಮಾಸ್ತರ. ಅವತ್ತು ಕಾಯಿ ನಾ ಆರಿಸಿದ್ದೆ.’

ವೈನಿ ಹಳೇ ಪಟ್ಟಿಗಳನ್ನು ತಂತಿಗೆ ಚುಚ್ಚಿ ಇಟ್ಟಿದ್ದರು. ಪಟ್ಟಿ ಅಂದರೆ ಮಾಲು ಮಾರಿದ ಮೇಲೆ ಅಂಗಡಿಯವರು ಬರೆದುಕೊಡುವ ಚೀಟಿ, ಅದರಲ್ಲಿ ತೂಕ, ದರ, ಹಮಾಲಿ ಇರುತ್ತವೆ. ಅವುಗಳನ್ನು ಅದೇ ದಿನದ ಹಾಳೆಯ ಪಕ್ಕ ಇಟ್ಟು ನೋಡಿದೆವು. ಮಾದರಿ ದರಕ್ಕಿಂತ ಅಣ್ಣನಿಗೆ ಹೆಚ್ಚುಕಡಿಮೆ ಕೆಜಿಗೆ ಎರಡು ರೂಪಾಯಿ ಕಮ್ಮಿಯೇ ಬಂದಿತ್ತು. ಬೇಜಾರಿನ ವಿಷಯ, ಆದರೆ ಲೆಕ್ಕಕ್ಕೆ ಒಳ್ಳೆಯ ಸುದ್ದಿ. ಎಲ್ಲಾ ದಿನ ಎರಡು ಕಮ್ಮಿ ಅಂದಮೇಲೆ ಯಾವ ದಿನ ವಾಸಿ ಅನ್ನೋದು ಬದಲಾಗೋದಿಲ್ಲ. ಒಂದು ದಿನ ಎಂಟು ಕಮ್ಮಿ, ಇನ್ನೊಂದು ದಿನ ಸರಿಸಮ ಅಂತಿದ್ದರೆ ಆ ಹಾಳೆ ಇವನ ಕಾಯಿಯದೇ ಅಲ್ಲ ಅಂತ ಬದಿಗಿಡಬೇಕಾಗುತ್ತಿತ್ತು.

ಇನ್ನು ಓದುವ ಕೆಲಸ. ಓರೆ ಫೋಟೋದಲ್ಲಿ ಕಣ್ಣು ಜಾರಿ ಬೆಂಡಿಯ ಸಾಲಿನಲ್ಲಿ ಹೊರಟದ್ದು ಶುಕ್ರವಾರಕ್ಕೆ ಬದನಿಯ ಸಾಲಿಗೆ ಬಂದಿರುತ್ತದೆ. ಫೋನಿನ ಮೇಲೆ ಒಂದು ಪೋಸ್ಟ್‌ಕಾರ್ಡು ಅಡ್ಡ ಹಿಡಿದು ಸಾಲು ಹಿಡಿದೇ ಓದಬೇಕು. ಆಮೇಲೆ 1 ಮತ್ತು 7, 3 ಮತ್ತು 8. ಅಣ್ಣ ಮೊದಲ ಸೋಮವಾರದ ಮಾದರಿ ದರ 7,600 ಅಂತ ಓದಿ ಎದೆ ಹಿಡಿದುಕೊಂಡಿದ್ದ. ಆ ದಿನದ ಗರಿಷ್ಠ 1,900. ಊರಲ್ಲಿ ಹೆಚ್ಚು ಜನರ ಎತ್ತರ ಊರಿನ ಅತಿ ಎತ್ತರದವನಿಗಿಂತ ಹೆಚ್ಚಾಗೋಕೆ ಬರುತ್ತದೆಯೇ? ಮಾದರಿ ದರ ಯಾವಾಗಲೂ ಕನಿಷ್ಠ, ಗರಿಷ್ಠಗಳ ನಡುವೆ ಕೂತಿರಬೇಕು. ಕೂತಿಲ್ಲ ಅಂದರೆ ನಾವು ತಪ್ಪು ಓದಿದ್ದೇವೆ, ಇಲ್ಲವೇ ಬರೆದವರು ತಪ್ಪು ಬರೆದಿದ್ದಾರೆ. ದೊಡ್ಡದು ಮಾಡಿ ನೋಡಿದರೆ ಅದು 1,600. ಅಣ್ಣನ ಎದೆ ಜಾಗಕ್ಕೆ ಬಂತು.

ಎರಡು ಭಾನುವಾರಗಳ ಮನೆಗಳು ಖಾಲಿ ಇದ್ದವು. ಈ ಹಾಳೆಯಲ್ಲಿ ಅದು ರಜೆಯ ದಿನ. ಅಣ್ಣ ಅದನ್ನು ಸೊನ್ನೆ ಅಂತ ಹಿಡಿದು ಸರಾಸರಿ ತೆಗೆದು, ‘ದರ ಭಾಳ ಬಿದ್ದೈತಿ’ ಅಂತ ಕೊರಗಿದ್ದ. ಅಂಗಡಿ ಬಾಗಿಲು ಹಾಕಿದರೆ ಬೆಂಡಿಕಾಯಿ ಪುಕ್ಕಟೆ ಆದಂಗಲ್ಲ. ಇನ್ನೊಂದು ಮೋಸವೂ ಉಂಟು. ಕೆಲವೊಮ್ಮೆ ಆವಕ, ಕನಿಷ್ಠ, ಗರಿಷ್ಠ, ಮಾದರಿ ನಾಲ್ಕೂ ಹಿಂದಿನ ದಿನದ್ದೇ ಹಂಗ ಹಂಗೇ ಇರುತ್ತವೆ. ಒಂದು ಅಂಕಿ ಹೊಂದಿದರೆ ಕಾಕತಾಳೀಯ, ನಾಲ್ಕೂ ಹೊಂದಿದರೆ ನಿನ್ನೆಯದನ್ನೇ ಇಳಿಸಿದ್ದಾರೆ ಅಂತ ಅನುಮಾನಪಡಬೇಕು. ಮಕ್ಕಳ ಉತ್ತರಪತ್ರಿಕೆ ತಿದ್ದಿದ ನನಗೆ ಆ ವಾಸನೆ ಬೇಗ ಹತ್ತುತ್ತದೆ.

ಇಷ್ಟಾದ ಮೇಲೆ ಬೆಂಡಿಯ ಮಾದರಿ ದರ ಕ್ವಿಂಟಲ್ಲಿಗೆ ಹೀಗೆ ಉಳಿಯಿತು. ಎರಡು ಸೋಮವಾರ 1,600 ಮತ್ತು 1,400. ಮಂಗಳವಾರ 2,100, 2,000. ಬುಧವಾರ 2,300, 2,400. ಗುರುವಾರ 2,000, 2,100. ಶುಕ್ರವಾರ 2,300, 2,200. ಶನಿವಾರ ಮೊದಲ ವಾರ 2,500, ಎರಡನೇ ವಾರ 3,800.

ಈ 3,800ರ ಶನಿವಾರ ಇದೆಯಲ್ಲ, ಅದರ ಮೇಲೇ ಅಣ್ಣ ಆರು ದಿನದ ಆರಾಮದ ಅರಮನೆ ಕಟ್ಟಿದ್ದು. ಆವಕದ ಸಾಲು ನೋಡು ಅಂದೆ. ಬೇರೆ ದಿನ ಸುಮಾರು 30 ಕ್ವಿಂಟಲ್ ಬರುವ ಬೆಂಡಿ ಆ ಶನಿವಾರ ಬಂದದ್ದು 6. ವೈನಿ ಥಟ್ಟನೆ ಅಂದರು, ‘ಹಿಂದಿನ ದಿನ ಮಳಿ ಹೊಡೀತಲ್ರಿ. ಎರಿ ಹೊಲದಾಗ ಕಾಲಿಟ್ರ ಚಪ್ಪಲಿ ಅಲ್ಲೇ ಉಳಿತಿದ್ದು. ಯಾರು ಕಾಯಿ ಹರೀತಾರ?’ ಅಲ್ಲಿಗೆ ಅದು ಶನಿವಾರದ ದರ ಅಲ್ಲ, ಮಳೆಯ ದರ. ಇವನೂ ಅವತ್ತು ಹರಿದಿರಲಿಲ್ಲ. ಮುಂದಿನ ಶನಿವಾರ ಆ ದರ ಬೇಕಂದರೆ ಶುಕ್ರವಾರ ಮಳೆ ಬರಬೇಕು, ಇವನ ಹೊಲ ಒಂದನ್ನು ಬಿಟ್ಟು. ಬೆಂಡಿಕಾಯಿಯ ಸಲುವಾಗಿ ವರುಣನ ಜೊತೆ ಅಂಥ ಒಳಒಪ್ಪಂದ ನಮ್ಮ ಜಿಲ್ಲೆಯಲ್ಲಿ ಇನ್ನೂ ಯಾರಿಗೂ ಆಗಿಲ್ಲ. ಹಾಗಾಗಿ ಆ ಅಂಕಿಯನ್ನು ಲೆಕ್ಕದಿಂದ ತೆಗೆದು ಶನಿವಾರಕ್ಕೆ 2,500 ಅಂತಲೇ ಇಟ್ಟುಕೊಂಡೆವು.

ಸೋಮವಾರದ ಮಾತು ಬೇರೆ. ಅಲ್ಲಿ ಎರಡು ವಾರವೂ ದರ ಕೆಳಗೆ, ಎರಡು ವಾರವೂ ಆವಕ 60ರ ಹತ್ತಿರ. ಕಾರಣ ಕಣ್ಣ ಮುಂದೇ ಇದೆ. ಭಾನುವಾರ ಮಾರುಕಟ್ಟೆಗೆ ರಜೆ, ಗಿಡಕ್ಕೆ ರಜೆ ಇಲ್ಲ. ಭಾನುವಾರದ ಕಾಯಿ, ಸೋಮವಾರದ ಕಾಯಿ ಎರಡೂ ಒಟ್ಟಿಗೆ ಬಂದು ಬೀಳುತ್ತವೆ. ಶನಿವಾರ ಸ್ವಲ್ಪ ಮೇಲಿರುವುದಕ್ಕೂ ಅದೇ ರಜೆ ಕಾರಣ, ಚಿಲ್ಲರೆ ಮಾರುವವರು ಭಾನುವಾರಕ್ಕೂ ಸೇರಿಸಿ ಕೊಂಡಿಡುತ್ತಾರೆ. ಕಾರಣ ಗೊತ್ತಾದ ಏರಿಳಿತ ಮುಂದಿನ ವಾರವೂ ಬರುತ್ತದೆ ಅಂತ ನಂಬಬಹುದು. ಕಾರಣ ತಿಳಿಯದ್ದನ್ನು ಇನ್ನೆರಡು ವಾರ ಕಾದು ನೋಡಬೇಕು. ಬುಧವಾರ ಯಾಕೆ ಮೇಲೆ, ಗುರುವಾರ ಯಾಕೆ ಕೆಳಗೆ ಅಂತ ನನಗೂ ಹೊಳೆಯಲಿಲ್ಲ, ವೈನಿಗೂ ಹೊಳೆಯಲಿಲ್ಲ. ಅಣ್ಣನಿಗೆ ಹೊಳೆಯಿತು, ಆದರೆ ಅದು ನಂಬುವಂಥದ್ದಾಗಿರಲಿಲ್ಲ.

ಎರಡು ವಾರದ ಹಾಳೆಯಲ್ಲಿ ಇನ್ನೊಂದು ಕಳ್ಳ ಕೂತಿರುತ್ತಾನೆ. ಹುಣ್ಣಿಮೆಗೂ ಅಮಾವಾಸ್ಯೆಗೂ ನಡುವೆ ಸರಾಸರಿ ಹದಿನೈದು ದಿನಕ್ಕಿಂತ ಒಂದಿಷ್ಟು ಕಮ್ಮಿ. ಅಂದರೆ ಹದಿನಾಲ್ಕು ದಿನದ ಯಾವ ಹಾಳೆ ತೆಗೆದರೂ ಅದರಲ್ಲಿ ಒಂದು ಹುಣ್ಣಿಮೆಯೋ ಅಮಾವಾಸ್ಯೆಯೋ ಬಹುತೇಕ ಸಿಗುತ್ತದೆ ಅನ್ನಬೇಕು. ಎಳ್ಳ ಅಮಾವಾಸ್ಯೆ ಬಂದರೆ ಹೊಲಕ್ಕೆ ಚರಗ ಚೆಲ್ಲುವ ಮನೆಯವರೆಲ್ಲ ಪಲ್ಯದ ಕಾಯಿಗೆ ಹಿಂದಿನ ದಿನ ಸಂತೆಗೆ ಬರುತ್ತಾರೆ. ಹುಣ್ಣಿಮೆಗೆ ಹುಲಿಗೆಮ್ಮನ ಕಡೆ ಜನ ಹರಿಯುತ್ತದೆ. ಗವಿಮಠದ ಜಾತ್ರೆಯ ವಾರದ ಹಾಳೆಯನ್ನಂತೂ ನೋಡಿ ಕೈಮುಗಿದು ಬಿಡಬೇಕು, ಬರೋ ವಾರಕ್ಕೆ ಅಳತೆ ಮಾಡಿಕೊಳ್ಳಬಾರದು. ಅಮಾವಾಸ್ಯೆ ತಂದ ಬೆಲೆಯ ಪುಣ್ಯ ಬಡ ಬುಧವಾರದ ಖಾತೆಗೆ ಬೀಳುತ್ತದೆ, ನಾವು ಮುಂದಿನ ಬುಧವಾರ ಕಾಯಿ ಹೊತ್ತುಕೊಂಡು ಹೋಗಿ ಬಾಯಿ ಬಿಡುತ್ತೇವೆ. ಅದಕ್ಕೇ ಹಾಳೆಯ ಪಕ್ಕ ಗೋಡೆಯ ಪಂಚಾಂಗ ಬೇಕು. ನಾವೂ ನೋಡಿದೆವು. ಅಮಾವಾಸ್ಯೆ ಒಂದು ಭಾನುವಾರವೇ ಬಂದು ಖಾಲಿ ಮನೆಯಲ್ಲಿ ಕೂತಿತ್ತು, ನಮ್ಮ ಪುಣ್ಯ.

‘ಆತಲ್ಲ, ಶನಿವಾರ ಎಲ್ಲಕ್ಕೂ ಹೆಚ್ಚು. ನಾ ಹೇಳಿದ್ದ ಖರೆ ಆತು’ ಅಂದ ಅಣ್ಣ.

ಖರೆ ಆಗುತ್ತಿತ್ತು, ಅವನು ಹಾಕಿದ್ದು ಉಳ್ಳಾಗಡ್ಡಿ ಆಗಿದ್ದರೆ. ಒಣಗಿದ ಉಳ್ಳಾಗಡ್ಡಿ ಗಾಳಿಯಾಡುವ ಕಡೆ ಹಾಕಿದರೆ ತಿಂಗಳುಗಟ್ಟಲೆ ಕಾಯುತ್ತದೆ. ಟಮಾಟಿಯನ್ನೂ ಬಣ್ಣ ತಿರುಗುವಾಗಲೇ ಹರಿದರೆ ಮೂರು ನಾಲ್ಕು ದಿನ ಆಚೀಚೆ ಮಾಡಬಹುದು. ಬೆಂಡಿಕಾಯಿಗೆ ತಾಳ್ಮೆ ಇಲ್ಲ. ಹೂವಾಗಿ ಐದಾರು ದಿನಕ್ಕೆ ಕಾಯಿ ಹದಕ್ಕೆ ಬರುತ್ತದೆ, ಇನ್ನೆರಡು ದಿನ ಬಿಟ್ಟರೆ ನಾರು. ತುದಿ ಮುರಿದರೆ ಪಟ್ ಅನ್ನಬೇಕು, ಬಾಗಿ ಜೋತುಬಿದ್ದರೆ ಬಲಿತಿದೆ ಅಂತಲೇ ಅರ್ಥ. ಸಂತೆಯಲ್ಲಿ ಹೆಣ್ಣುಮಕ್ಕಳು ಬೆಂಡಿಕಾಯಿ ತುದಿ ಮುರಿದೇ ಕೊಳ್ಳೋದು, ಮಾರುವವರು ಹಲ್ಲು ಕಡಿಯೋದು ಇದಕ್ಕೇ. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಗಿಡವೂ ‘ಬೀಜ ಆತು, ನನ್ನ ಕೆಲಸ ಮುಗೀತು’ ಅಂತ ಹೊಸ ಕಾಯಿ ಹಿಡಿಯೋದು ಕಮ್ಮಿ ಮಾಡುತ್ತದೆ. ವಾರಕ್ಕೊಮ್ಮೆ ಹರಿದರೆ ಅಣ್ಣನಿಗಿಂತ ಮೊದಲು ಗಿಡವೇ ಆರಾಮ ತಗೊಳ್ಳುತ್ತದೆ.

ಹಾಗಾಗಿ ದಿನ ಬಿಟ್ಟು ದಿನ ಹರಿಯಲೇಬೇಕು. ಇಲ್ಲೊಂದು ಚಂದದ ತೊಡಕಿದೆ. ವಾರಕ್ಕೆ ಏಳು ದಿನ, ಬೆಸ ಸಂಖ್ಯೆ. ದಿನ ಬಿಟ್ಟು ದಿನ ಹರಿಯುತ್ತಾ ಹೋದರೆ ಈ ವಾರ ಸೋಮ, ಬುಧ, ಶುಕ್ರ, ಭಾನು. ಮುಂದಿನ ವಾರ ಮಂಗಳ, ಗುರು, ಶನಿ. ಹದಿನಾಲ್ಕು ದಿನದಲ್ಲಿ ವಾರದ ಎಲ್ಲಾ ದಿನಗಳಿಗೂ ಒಂದೊಂದು ಸಲ ಹಾಜರಿ ಹಾಕಿ ಬರುತ್ತೀರಿ, ರಜೆಯ ಭಾನುವಾರಕ್ಕೂ ಸಹ. ಒಳ್ಳೆಯ ದಿನ ಆರಿಸಿಕೊಳ್ಳುವ ಮಾತೇ ಇಲ್ಲ. ದಿನಗಳನ್ನು ಹಿಡಿದು ನಿಲ್ಲಿಸಬೇಕೆಂದರೆ ಎರಡು, ಎರಡು, ಮೂರು ಅಂತ ಅಂತರ ಕೊಡಬೇಕು. ಕೂಡಿದರೆ ಏಳು. ಯಾವ ದಿನ ಮಾರಬೇಕು ಅನ್ನುವ ಪ್ರಶ್ನೆ ಈಗ ಆ ಮೂರು ದಿನದ ಅಂತರವನ್ನು ಎಲ್ಲಿಡಬೇಕು ಅನ್ನುವುದಕ್ಕೆ ಬಂದು ನಿಂತಿತು.

ಅಣ್ಣನ ಹೊಲದಲ್ಲಿ ದಿನಕ್ಕೆ 40 ಕೆಜಿಯಷ್ಟು ಕಾಯಿ ಹದಕ್ಕೆ ಬರುತ್ತದೆ ಅಂದುಕೊಳ್ಳಿ. ಎರಡು ದಿನಕ್ಕೆ 80. ಮೂರು ದಿನ ಬಿಟ್ಟರೆ 120, ಅದರಲ್ಲಿ 40 ಕೆಜಿ ಬಲಿತು ಅರ್ಧ ದರಕ್ಕೆ ಹೋಗುತ್ತದೆ. ಸೋಮ-ಬುಧ-ಶುಕ್ರ ಹಿಡಿದರೆ ಮೂರು ದಿನದ ಕಾಯಿ ಸೋಮವಾರಕ್ಕೆ ಬರುತ್ತದೆ. ಕೆಜಿಗೆ 15 ರೂಪಾಯಿಯ ಆ ದಿನ ಒಳ್ಳೆಯದು 1,200, ಬಲಿತದ್ದು 300, ಕೂಡಿ 1,500. ಬುಧವಾರ ಇಪ್ಪತ್ಮೂರೂವರೆಯಂತೆ 1,880, ಶುಕ್ರವಾರ ಇಪ್ಪತ್ತೆರಡೂವರೆಯಂತೆ 1,800. ವಾರಕ್ಕೆ 5,180. ಇದನ್ನೇ ಮಂಗಳ-ಗುರು-ಶನಿ ಮಾಡಿದರೆ ಮಂಗಳವಾರ ಬಲಿತದ್ದೂ ಸೇರಿ 2,050, ಗುರುವಾರ 1,640, ಶನಿವಾರ 2,000, ಒಟ್ಟು 5,690. ವ್ಯತ್ಯಾಸ ವಾರಕ್ಕೆ 510 ರೂಪಾಯಿ. ಗುರುವಾರ ಬುಧವಾರಕ್ಕಿಂತ ಕೆಳಗಿದ್ದರೂ ಲಾಭ ಆದದ್ದು ಯಾಕೆಂದರೆ ಸೋಮವಾರ ತಪ್ಪಿತು. ಒಳ್ಳೆಯ ದಿನ ಹಿಡಿದದ್ದಕ್ಕಿಂತ ಕೆಟ್ಟ ದಿನ ಬಿಟ್ಟದ್ದೇ ಹೆಚ್ಚು ಕೊಟ್ಟಿತು.

ವೈನಿ ಸುಮ್ಮನಿರಲಿಲ್ಲ. ‘ಮೂರು ದಿನದ ದೊಡ್ಡ ಮಾಲು ಹೆಚ್ಚಿನ ದರದ ಶನಿವಾರಕ್ಕ ಯಾಕ ಒಯ್ಯಬಾರದ್ರಿ? ಶನಿವಾರ, ಸೋಮವಾರ, ಬುಧವಾರ ಮಾಡ್ರಿ’ ಅಂದರು. ಮೂವತ್ತು ವರ್ಷದಲ್ಲಿ ಇಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ನನಗೆ ಬೆರಳೆಣಿಕೆಯಷ್ಟು. ಲೆಕ್ಕ ಹಾಕಿದೆ: ಶನಿವಾರ ಬಲಿತದ್ದೂ ಸೇರಿ 2,500, ಸೋಮವಾರ 1,200, ಬುಧವಾರ 1,880, ಒಟ್ಟು 5,580. ಬರೀ 110 ರೂಪಾಯಿ ಕಮ್ಮಿ. ಇಷ್ಟು ಸಣ್ಣ ವ್ಯತ್ಯಾಸವನ್ನು ಈ ಫೋಟೋ ನಂಬಿ ತೀರ್ಮಾನ ಮಾಡಬಾರದು, ಒಂದು ದಿನದ ದರ ಎರಡು ರೂಪಾಯಿ ಅಲ್ಲಾಡಿದರೆ ಅದು ಅತ್ತಿಂದಿತ್ತ ಆಗುತ್ತದೆ. ಅಂಥಲ್ಲಿ ಬೇರೆ ಅನುಕೂಲ ನೋಡಬೇಕು. ಅನುಕೂಲ ಪಕ್ಕದ ಮನೆಯಲ್ಲೇ ಇತ್ತು. ಆ ಮನೆಯವರ ಟಂಟಂ ಮಂಗಳ, ಗುರು, ಶನಿವಾರವೇ ಕೊಪ್ಪಳಕ್ಕೆ ಹೋಗುತ್ತಿತ್ತು, ಬಾಡಿಗೆ ಹಂಚಿಕೊಳ್ಳಬಹುದಿತ್ತು. ನನ್ನ ಮೂರು ತಾಸಿನ ಲೆಕ್ಕವನ್ನು ಟಂಟಂ ಡ್ರೈವರ್ ಎಂದೋ ಮಾಡಿ ಮುಗಿಸಿದ್ದ.

ಅಣ್ಣನಿಗೆ ಸಮಾಧಾನ ಆಗಲಿಲ್ಲ. ‘ಗಂಗಾವತಿಯೊಳಗ ಕೆಜಿಗೆ ಮೂರು ರೂಪಾಯಿ ಹೆಚ್ಚಂತ’ ಅಂದ. 80 ಕೆಜಿಗೆ ಮೂರರಂತೆ 240 ರೂಪಾಯಿ. ಕೊಪ್ಪಳ ದಾಟಿ ಮತ್ತೆ ನಲವತ್ತು ಚಿಲ್ಲರೆ ಕಿಲೋಮೀಟರು, ಅದಕ್ಕೆ ಬೇರೆ ಗಾಡಿ. ಅಷ್ಟು ದೂರಕ್ಕೆ 240 ರೂಪಾಯಿಯಲ್ಲಿ ಗಾಡಿ ಬರುತ್ತದೇನು ಅಂದರೆ, ‘ಡೀಸೆಲ್ಲಿಗೂ ಸಾಲಂಗಿಲ್ಲ’ ಅಂತ ಅವನೇ ಒಪ್ಪಿಕೊಂಡ. ಹತ್ತು ಕ್ವಿಂಟಲ್ ಇದ್ದವರಿಗೆ ಅದೇ ಮೂರು ರೂಪಾಯಿ ಮೂರು ಸಾವಿರ ಆಗುತ್ತದೆ, ಅವರು ಹೋಗಲಿ.

ಮೊದಲ ವಾರ ಲೆಕ್ಕ ನಡೆಯಿತು. ಶನಿವಾರ ಅಣ್ಣನಿಗೆ 23 ಬಿತ್ತು, ಮಾದರಿಗಿಂತ ಎರಡು ಕಮ್ಮಿ, ವ್ರತ ತಪ್ಪಲಿಲ್ಲ. ಸಂತೋಷದಲ್ಲಿ ಅವನು ನನ್ನ ಲೆಕ್ಕದ ಹಾಳೆಯ ಫೋಟೋ ತೆಗೆದು, ‘ನಮ್ಮ ಮಾಸ್ತರ ಕಂಡುಹಿಡಿದಿದ್ದು’ ಅಂತ ಊರಿನ ಗುಂಪಿಗೆ ಹಾಕಿದ. ಅಲ್ಲಿಂದ ಅದು ಕುಷ್ಟಗಿ ಬೀಗರಿಗೆ, ಅವರಿಂದ ಮತ್ತೆಲ್ಲಿಗೋ.

ಅಮೆರಿಕದ ಸಾಂಟಾ ಫೆ ಎಂಬ ಊರಿನಲ್ಲಿ ಎಲ್ ಫರೋಲ್ ಅಂತ ಒಂದು ಬಾರಿದೆ. ಹಿಂದೆ ಗುರುವಾರ ರಾತ್ರಿ ಅಲ್ಲಿ ಸಂಗೀತ ಇರುತ್ತಿತ್ತು. ಜನ ಕಮ್ಮಿ ಇದ್ದರೆ ಸುಖ, ಕಿಕ್ಕಿರಿದರೆ ಮನೆಯಲ್ಲಿರುವುದೇ ವಾಸಿ. ಹಿಂದಿನ ವಾರಗಳ ಲೆಕ್ಕ ನೋಡಿ ಎಲ್ಲರೂ ‘ಈ ವಾರ ಖಾಲಿ ಇರುತ್ತೆ’ ಅಂತ ತಿಳಿದರೆ ಎಲ್ಲರೂ ಬರುತ್ತಾರೆ, ಬಾರು ತುಂಬುತ್ತದೆ. ಅರ್ಥಶಾಸ್ತ್ರಜ್ಞ ಬ್ರಯಾನ್ ಆರ್ಥರ್ 1994ರಲ್ಲಿ ಇದನ್ನು ಬರೆದು ಹೆಸರಾದರು. ನಾನು ಅದನ್ನು ಓದಿದ್ದೆ. ಓದಿದ್ದವನು ಅಣ್ಣನ ಕೈಗೆ ಹಾಳೆ ಕೊಡಬಾರದಿತ್ತು.

ಮೂರನೇ ಶನಿವಾರ ನಾನೂ ಮಾರುಕಟ್ಟೆಗೆ ಹೋಗಿದ್ದೆ. ಗೇಟಿನಿಂದ ರಸ್ತೆಯವರೆಗೆ ಟಂಟಂ ಸಾಲು, ಎಲ್ಲದರಲ್ಲೂ ಬೆಂಡಿಕಾಯಿ. ಸವಾಲು ಕೂಗುವವನ ಗಂಟಲು ಹದಿನಾರರ ಮೇಲೆ ಏರಲೇ ಇಲ್ಲ. ಪಕ್ಕದಲ್ಲಿ ಚೀಲದ ಮೇಲೆ ಕೂತ ಯಾರೋ ಹಿರಿಯರು ಫೋನ್ ಹಿಡಿದು ತೋರಿಸಿದರು: ‘ನೋಡ್ರಿ, ಯಾವನೋ ಮಾಸ್ತರ ಲೆಕ್ಕ ಹಾಕ್ಯಾನ. ಸಿಕ್ಕರ ಮಾತಾಡ್ಸೋದೈತಿ.’ ನನ್ನದೇ ಅಕ್ಷರ. ನಾನು ಕನ್ನಡಕ ತೆಗೆದು ಕಿಸೆಯಲ್ಲಿಟ್ಟುಕೊಂಡು, ‘ಈಗಿನ ಮಾಸ್ತರಗಳೇ ಹಿಂಗ್ರಿ’ ಅಂದೆ.

ಸೋಮವಾರ ಬೆಳಿಗ್ಗೆ ಐದೂವರೆಗೆ ಫೋನು ಟುಂಯ್ ಅಂದಿತು. ಹೊಸ ಹಾಳೆ, ಹೊಸ ಹೆಬ್ಬೆರಳು. ಕೆಳಗೆ: ‘ಮಾಸ್ತರ, ಹ್ವಾದ ಸೋಮವಾರ ಆವಕ ಭಾಳ ಕಮ್ಮಿ, ದರ 26. ಸೋಮವಾರ ಮಾಡೂಣೇನು? ಈ ಸಲ ಯಾರಿಗೂ ಕಳಸಂಗಿಲ್ಲ. ಬೀಗರಿಗೆ ಅಷ್ಟ.’